ಕೊನೆಯ ಎರಡು ಅಂಕಿ

ನಾನು 1983ರಲ್ಲಿ ಬ್ಯಾಂಕು ಸೇರಿದಾಗ ಗ್ರಾಹಕ ಎಂದರೆ ಒಂದು ಸಹಿ, ಒಂದು ವಿಳಾಸ. ಸಹಿ ಕಾರ್ಡು ಕಬ್ಬಿಣದ ಕಪಾಟಿನಲ್ಲಿ ಇರುತ್ತಿತ್ತು, ವಿಳಾಸ ಲೆಜರಿನ ತಲೆಯ ಮೇಲೆ ಇರುತ್ತಿತ್ತು. ಊರು ಬಿಟ್ಟು ಹೋದವರು ಒಂದು ಇನ್ಲೆಂಡ್ ಪತ್ರ ಬರೆದು "ನನ್ನ ವಿಳಾಸ ಬದಲಾಗಿದೆ" ಎಂದು ತಿಳಿಸಿದರೆ ಹಳೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹೊಸದನ್ನು ಬರೆಯುತ್ತಿದ್ದೆವು. ತಿಳಿಸದಿದ್ದರೂ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ. ಹೆಚ್ಚೆಂದರೆ ಪತ್ರ ವಾಪಸು ಬರುತ್ತಿತ್ತು. ಎಂ.ಕಾಂ. ಓದುವಾಗ ಬ್ಯಾಂಕಿಂಗ್ ಕಾನೂನಿನ ಪೇಪರಿನಲ್ಲಿ "ಗ್ರಾಹಕ ಎಂದರೆ ಯಾರು?" ಎಂಬ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದದ್ದು ನೆನಪಿದೆ. ಈಗ ಯಾರಾದರೂ ಕೇಳಿದರೆ ಒಂದೇ ಸಾಲು ಸಾಕು: ಗ್ರಾಹಕ ಎಂದರೆ ಹತ್ತು ಅಂಕಿಯ ಒಂದು ಮೊಬೈಲ್ ಸಂಖ್ಯೆ. ಅದು ಜೀವಂತವಾಗಿದ್ದರೆ ನೀವು ಇದ್ದೀರಿ, ಅದು ಸತ್ತರೆ ನೀವು ಕೌಂಟರಿನ ಮುಂದೆಯೇ ನಿಂತಿದ್ದರೂ ಇಲ್ಲ.

ಪುಣೆಗೆ ವರ್ಗವಾಗಿ ಬಂದವನು ಇಲ್ಲೇ ನಿವೃತ್ತನಾಗಿ ಇಲ್ಲೇ ಉಳಿದೆ. ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆ ಐದಾರು ಇವೆ. ಎಲ್ಲ ಮನೆಗಳಲ್ಲೂ ಒಬ್ಬೊಬ್ಬರು ಹಿರಿಯರು, ಮಗನ ಜೊತೆಗೋ ಮಗಳ ಜೊತೆಗೋ ಇರಲು ಬಂದವರು. ಇವರೆಲ್ಲರ ಪಿಂಚಣಿ ಖಾತೆ ಮಾತ್ರ ಊರಿನಲ್ಲೇ ಇದೆ. ಅದನ್ನು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಿ ಎಂದರೆ ಯಾರೂ ಒಪ್ಪುವುದಿಲ್ಲ. "ಇರ್ಲಿ ಬಿಡ್ರಿ, ಊರಾಗ ಅದೊಂದರ ಉಳೀಲಿ" ಎನ್ನುತ್ತಾರೆ. ಹೊಲ ಮಾರಿಯಾಗಿದೆ, ಮನೆಗೆ ಬೀಗ ಬಿದ್ದಿದೆ. ಇನ್ನು ಉಳಿದದ್ದು ಪಾಸ್‌ಬುಕ್ಕಿನ ಮೇಲಿನ ಶಾಖೆಯ ಹೆಸರು ಒಂದೇ. ಇವರ ಬ್ಯಾಂಕಿನ ತೊಡಕುಗಳೆಲ್ಲ ನನ್ನ ಮನೆಗೆ ಬರುತ್ತವೆ, ಅದರಲ್ಲೂ ದೀಪಾವಳಿ ಮುಗಿದ ಮೇಲೆ. ಮಕ್ಕಳು ಹಬ್ಬಕ್ಕೆ ಹೊಸ ಫೋನು ಕೊಡಿಸಿರುತ್ತಾರಲ್ಲ!

2025ರ ನವೆಂಬರ್ ಒಂದರ ಶನಿವಾರ ಬೆಳಿಗ್ಗೆ ಮೂರನೆಯ ಮಹಡಿಯ ಮಾಸ್ತರರು ಬಂದರು. ಬೈಲಹೊಂಗಲದ ಕಡೆ ಸರಕಾರಿ ಶಾಲೆಯಲ್ಲಿ ಕೆಲಸ ಮಾಡಿದವರು, ಎಪ್ಪತ್ನಾಲ್ಕು ವರ್ಷ. ಕೈಯಲ್ಲಿ ಹೊಳೆಯುವ ಹೊಸ ಫೋನು, ಮುಖ ಮಾತ್ರ ಬಾಡಿತ್ತು.

"ಸಾಹೇಬ್ರ, ಪಾಡ್ಯಾಕ್ಕ ಮಗಾ ಹೊಸಾ ಫೋನ್ ತಂದಾನ್ರಿ. ಅವತ್ತಿನಿಂದ ಬ್ಯಾಂಕು ಒಳಗ ಬಿಡವಲ್ದು. ಫೋನ್ ಛಲೋ ಅದ, ಆದ್ರ ಬ್ಯಾಂಕಿಗೆ ಅದು ಹಿಡಿಸಿಲ್ಲ ಕಾಣಸ್ತದ."

ಇಂಥವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಫೋನ್ ಹೊಸಾದೋ, ಸಿಮ್ ಹೊಸಾದೋ, ನಂಬರ್ ಹೊಸಾದೋ?" ಜನರಿಗೆ ಈ ಮೂರೂ ಒಂದೇ. ಬ್ಯಾಂಕಿಗೆ ಮೂರೂ ಬೇರೆ. ಫೋನು ಮಾತ್ರ ಹೊಸದಾಗಿ ಹಳೆಯ ಸಿಮ್ಮೇ ಅದರಲ್ಲಿದ್ದರೆ ತೊಂದರೆ ಸಣ್ಣದು. ಬ್ಯಾಂಕಿನ ಆ್ಯಪು ಹೊಸ ಫೋನಿನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸಿ, ಅದು ನೋಂದಾಯಿಸಿದ ಸಂಖ್ಯೆಯಿಂದಲೇ ಬಂತೇ ಎಂದು ನೋಡಿ ಫೋನನ್ನೂ ಸಿಮ್ಮನ್ನೂ ಗಂಟು ಹಾಕುತ್ತದೆ. ಇದು ಫೋನಿನಿಂದ ಹೊರಗೆ ಹೋಗುವ ಎಸ್ಸೆಮ್ಮೆಸ್ ಎಂಬುದನ್ನು ಮರೆಯಬಾರದು. ರೀಚಾರ್ಜ್ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ, ಅಥವಾ ಎರಡು ಸಿಮ್ ಇದ್ದು ಬೇರೆಯದರಿಂದ ಹೋದರೆ ಗಂಟು ಬೀಳುವುದಿಲ್ಲ. ಅದೇ ಸಂಖ್ಯೆಗೆ ಸಿಮ್ ಕಾರ್ಡನ್ನು ಮಾತ್ರ ಬದಲಿಸಿದ್ದರೆ ಒಂದು ದಿನ ಸುಮ್ಮನಿರಬೇಕು. ಸಿಮ್ ಬದಲಾದ ಮೇಲೆ 24 ತಾಸು ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಹೆಸರಿನಲ್ಲಿ ಕಳ್ಳ ಸಿಮ್ ತೆಗೆಸಿ ಖಾತೆ ದೋಚುವವರಿಗಾಗಿ ಮಾಡಿದ ಕಟ್ಟು ಅದು. ಇದು ಗೊತ್ತಿಲ್ಲದ ನಮ್ಮ ಹಿರಿಯರು ಆ ಒಂದು ದಿನದಲ್ಲೇ ಇಪ್ಪತ್ತು ಸಲ ಒತ್ತಿ ಒತ್ತಿ ಲಾಗಿನ್ನನ್ನು ಬೀಗ ಹಾಕಿಸಿಕೊಂಡಿರುತ್ತಾರೆ.

ಮಾಸ್ತರರದು ಮೂರನೆಯ ಬಗೆ. ಸಂಖ್ಯೆಯೇ ಬೇರೆ.

ಕಥೆ ಹೀಗೆ. ಊರಿನಲ್ಲಿದ್ದಾಗ ಅವರದೊಂದು ನಂಬರು ಇತ್ತು, ಕೊನೆಗೆ 41. ಪುಣೆಗೆ ಬಂದ ಮೇಲೆ ಇನ್ನೊಂದು ತೆಗೆದುಕೊಂಡರು, ಕೊನೆಗೆ 67. ಹಳೆಯ ಫೋನಿನಲ್ಲಿ ಎರಡೂ ಸಿಮ್ ಇದ್ದವು. 41ಕ್ಕೆ ಫೋನು ಮಾಡುವವರು ಒಬ್ಬೊಬ್ಬರಾಗಿ ತೀರಿಕೊಂಡರು. "ಯಾರೂ ಮಾತಾಡದ ನಂಬರಿಗೆ ತಿಂಗಳಾ ರೊಕ್ಕಾ ಯಾಕ ಸುರೀಲಿ?" ಎಂದು ಮಾಸ್ತರರು ಅದಕ್ಕೆ ರೀಚಾರ್ಜ್ ಮಾಡುವುದನ್ನು ವರ್ಷದ ಮೊದಲಿಗೇ ನಿಲ್ಲಿಸಿದ್ದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 41 ಸತ್ತು ಎಷ್ಟೋ ತಿಂಗಳಾಗಿದ್ದರೂ ಹಳೆಯ ಫೋನಿನಲ್ಲಿ ಬ್ಯಾಂಕಿನ ಆ್ಯಪು ನಡೆಯುತ್ತಲೇ ಇತ್ತು. ಗಂಟು ಹಾಕುವ ಎಸ್ಸೆಮ್ಮೆಸ್ಸು ಒಂದೇ ಸಲ, ಮೊದಲ ದಿನ ಹೋಗಿತ್ತು. ಆಮೇಲೆ ಆ ಬ್ಯಾಂಕಿನ ಆ್ಯಪು ಕೇಳುತ್ತಿದ್ದದ್ದು ಇವರ ಗುಪ್ತ ಅಂಕಿಯನ್ನು ಮಾತ್ರ. ಸತ್ತ ಸಿಮ್ ಕಾರ್ಡು ಗೂಡಿನಲ್ಲಿ ಕೂತೇ ಇತ್ತು, ಆ್ಯಪಿಗೆ ಅನುಮಾನ ಬರಲಿಲ್ಲ. ತಿಂಗಳು ತಿಂಗಳು ಹಣ ಕಳಿಸುವ ಕೆಲಸ ಸುಗಮವಾಗಿತ್ತು. ಹಳೆಯ ಫೋನಿನ ಬ್ಯಾಟರಿ ಉಬ್ಬಿ ಅದು ಮೂಲೆ ಸೇರಿದ ದಿನ ಗಂಟು ಬಿಚ್ಚಿತು. ಹೊಸ ಫೋನು ಹೊಸ ಗಂಟು ಹಾಕಲು ಹೋದರೆ 41 ಎಲ್ಲಿದೆ? ಮಾಸ್ತರರು ತಪ್ಪೆಲ್ಲ ಹೊಸ ಫೋನಿನದು ಎಂದುಕೊಂಡಿದ್ದರು. ಪಾಪ, ಅದರದೇನೂ ಇಲ್ಲ. ಎಷ್ಟೋ ತಿಂಗಳ ಹಿಂದೆ ಆದ ಸಾವನ್ನು ಅದು ಹೊರಗೆ ತಂದಿತು, ಅಷ್ಟೆ.

ನಮ್ಮ ದೇಶದ ನಿಯಮದಂತೆ ಪ್ರೀಪೇಡ್ ಸಂಖ್ಯೆಯನ್ನು 90 ದಿನ ಯಾವ ರೀತಿಯಲ್ಲೂ ಬಳಸದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಹೀಗೆ ಕೈ ಬದಲಿಸಿದ ಸಂಖ್ಯೆಗಳಿಂದ ಆಗುವ ವಂಚನೆ ತಡೆಯಲು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಒಂದು ಸೂಚನೆ ಕೊಟ್ಟಿತು. ದೂರಸಂಪರ್ಕ ಇಲಾಖೆ ಸಿದ್ಧಪಡಿಸುವ ರದ್ದಾದ ಸಂಖ್ಯೆಗಳ ಪಟ್ಟಿಯನ್ನು ನೋಡಿ ತಮ್ಮ ದಾಖಲೆಗಳನ್ನು ಶುದ್ಧಮಾಡಿಕೊಳ್ಳಬೇಕು ಎಂದು. ಆದ್ದರಿಂದ ಇನ್ನು ಮುಂದೆ ಹಳೆಯ ಫೋನಿನಲ್ಲೇ ಇದ್ದರೂ ಒಂದು ದಿನ ಬಾಗಿಲು ಮುಚ್ಚಬಹುದು.

ನಾನು ಕೂಡಲೇ ನನ್ನ ಫೋನಿನಿಂದ 41ಕ್ಕೆ ಕರೆ ಮಾಡಿದೆ. ಇಂಥ ನಂಬರು ಇಲ್ಲ ಎಂದು ಹೆಂಗಸಿನ ದನಿ ಹೇಳಿತು. ಸದ್ಯ, ಇನ್ನೂ ಯಾರಿಗೂ ಕೊಟ್ಟಿಲ್ಲ. ಯಾರಾದರೂ ಎತ್ತಿ "ಹಲೋ" ಎಂದಿದ್ದರೆ ಮಾಸ್ತರರ ಪಿಂಚಣಿ ಜಮೆಯ ಸುದ್ದಿ, ಓಟಿಪಿ ಎಲ್ಲ ಆ ಮನುಷ್ಯನಿಗೆ ಹೋಗುತ್ತಿದ್ದವು. ಓಟಿಪಿ ಒಂದರಿಂದಲೇ ಹಣ ಹೊಡೆಯಲು ಆಗುವುದಿಲ್ಲ, ಕಾರ್ಡೋ ಪಾಸ್‌ವರ್ಡೋ ಬೇಕು. ಆದರೂ ಎರಡು ಕೀಲಿಯಲ್ಲಿ ಒಂದು ಪರರ ಜೇಬಿನಲ್ಲಿ ಇದ್ದಂತೆ.

"ಬ್ಯಾಂಕಿಗೆ ಹೋಗಿ ನಂಬರ್ ಬದಲಿ ಮಾಡಸ್ರಿ, ಮುಗೀತು" ಎಂದೆ.

"ಮಾಡ್ಸೇನ್ರಿ! ಹೋದ ಸೋಮವಾರನ ಅರ್ಜಿ ಕೊಟ್ಟೇನಿ. ಮರುದಿನ ನಂಬರ್ ನೋಂದಣಿ ಆಗೇದ ಅಂತ ಎಸ್ಸೆಮ್ಮೆಸ್ಸೂ ಬಂತು ನೋಡ್ರಿ." ತೋರಿಸಿದರು. ನಿಜವೇ, 67ಕ್ಕೆ ಬಂದಿತ್ತು. "ಆದ್ರೂ ಬಿಡವಲ್ದು."

ಇದು ವಿಚಿತ್ರವಾಗಿ ಕಂಡಿತು. ನನ್ನ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆಗೆದೆ. ಮಾಸ್ತರರು ಆಗಲೇ ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದು ಬೀಗ ಹಾಕಿಸಿಕೊಂಡಿದ್ದರು. ಅದು ಮರುದಿನ ತಾನೇ ತೆರೆದುಕೊಳ್ಳುವ ಬೀಗ, ಅದಕ್ಕೆ ಹೆದರಬೇಕಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಎಂಬಲ್ಲಿ ಒತ್ತಿ ಅವರ ಯೂಸರ್ ಐಡಿ, ಖಾತೆ ಸಂಖ್ಯೆ ತುಂಬಿಸಿದೆ. ಓಟಿಪಿ ಕಳಿಸಿದ್ದೇವೆ ಎಂದು ಪರದೆಯ ಮೇಲೆ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ಸಂಖ್ಯೆ: `XXXXXXXX41`.

ಈ ಕೊನೆಯ ಎರಡು ಅಂಕಿಯನ್ನು ಯಾರೂ ಓದುವುದಿಲ್ಲ. ಎಲ್ಲರೂ ಫೋನಿನ ಕಡೆ ನೋಡುತ್ತ ಓಟಿಪಿಗಾಗಿ ಕಾಯುತ್ತಾರೆ, ಬರಲಿಲ್ಲವೆಂದು ಮತ್ತೆ ಕಳಿಸು ಎಂದು ಒತ್ತುತ್ತಾರೆ. ಬ್ಯಾಂಕು ಎಲ್ಲಿಗೆ ಕಳಿಸುತ್ತಿದೆ ಎಂಬುದು ಅಲ್ಲೇ ಬರೆದಿರುತ್ತದೆ. 67 ಎಂದು ತೋರಿಸಿಯೂ ಓಟಿಪಿ ಬರದಿದ್ದರೆ ತೊಂದರೆ ಫೋನಿನದೋ ಸಿಮ್ಮಿನದೋ. 41 ಎಂದು ತೋರಿಸಿದರೆ ತೊಂದರೆ ಬ್ಯಾಂಕಿನ ದಾಖಲೆಯದು. ಫೋನನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಹಾಗಾದರೆ ಸೋಮವಾರ ಬದಲಾದ ನಂಬರು ಯಾವುದು? ನನ್ನ ತಲೆಯಲ್ಲಿ ಹಳೆಯದೊಂದು ಗಂಟೆ ಬಾರಿಸಿತು.

"ಮಾಸ್ತರ, ಪುಣೇದಾಗೂ ಒಂದು ಖಾತೆ ಅದ ಏನ್ರಿ?"

ಇತ್ತು. 2016ರಲ್ಲಿ ಇಲ್ಲಿಗೆ ಬಂದಾಗ ಮಗ ಅದೇ ಬ್ಯಾಂಕಿನ ಇಲ್ಲಿಯ ಶಾಖೆಯಲ್ಲಿ ಒಂದು ಉಳಿತಾಯ ಖಾತೆ ತೆಗೆಸಿದ್ದ. ಅರ್ಜಿಯ ಜೊತೆ ಅವರು ಅದರ ಪಾಸ್‌ಬುಕ್ಕನ್ನೇ ಒಯ್ದಿದ್ದರು. ಎರಡೂ ಪಾಸ್‌ಬುಕ್ ತರಲು ಹೇಳಿದೆ. ಮೊದಲ ಪುಟದಲ್ಲಿ ಖಾತೆ ಸಂಖ್ಯೆಯ ಹತ್ತಿರವೇ ಸಿಐಎಫ್ ಎಂದು ಇನ್ನೊಂದು ಸಂಖ್ಯೆ ಅಚ್ಚಾಗಿರುತ್ತದೆ. ಗ್ರಾಹಕನ ಸಂಖ್ಯೆ ಅದು. ಖಾತೆ ಎಷ್ಟಿದ್ದರೂ ಮನುಷ್ಯ ಒಬ್ಬನೇ ಆದ್ದರಿಂದ ಅದು ಒಂದೇ ಇರಬೇಕು. ಮಾಸ್ತರರ ಎರಡು ಪುಸ್ತಕದಲ್ಲಿ ಎರಡು ಬೇರೆ ಬೇರೆ ಸಿಐಎಫ್!

ಇದು ಹೇಗೆ ಆಗುತ್ತದೆ ಎಂಬುದು ನಮ್ಮ ತಲೆಮಾರಿನ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಲೆಜರುಗಳಿಂದ ಕೋರ್ ಬ್ಯಾಂಕಿಂಗ್‌ಗೆ ಹೋದ ಆ ವರ್ಷಗಳಲ್ಲಿ ರಾತ್ರಿ ಹನ್ನೊಂದರ ತನಕ ಕೂತು ಹೆಸರುಗಳನ್ನು ತುಂಬಿಸಿದ್ದೇವೆ. ಒಬ್ಬ ಮನುಷ್ಯ ಒಂದು ಕಡೆ ಇನಿಷಿಯಲ್ಲಿನಿಂದ, ಇನ್ನೊಂದು ಕಡೆ ಪೂರ್ಣ ಹೆಸರಿನಿಂದ ಹೊಕ್ಕರೆ ಕಂಪ್ಯೂಟರು ಇಬ್ಬರೆಂದೇ ತಿಳಿಯುತ್ತಿತ್ತು. ಒಬ್ಬ ಗ್ರಾಹಕನಿಗೆ ಒಂದೇ ಗುರುತು ಸಂಖ್ಯೆ ಇರಬೇಕು ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿತು. ಬಹಳಷ್ಟು ಸರಿಹೋಯಿತು, ಪೂರ್ತಿ ಅಲ್ಲ. ಮಾಸ್ತರರ ಪಿಂಚಣಿ ಖಾತೆಯಲ್ಲಿ ಎರಡು ಇನಿಷಿಯಲ್ಲು ಮತ್ತು ಅಡ್ಡಹೆಸರು, ಪುಣೆಯ ಖಾತೆಯಲ್ಲಿ ಆಧಾರಿನಂತೆ ಮೂರು ಪೂರ್ಣ ಪದ. ಮೊಬೈಲ್ ಸಂಖ್ಯೆ ಅಂಟಿಕೊಂಡಿರುವುದು ಖಾತೆಗಲ್ಲ, ಸಿಐಎಫ್‌ಗೆ. ಸೋಮವಾರ ಬದಲಾದದ್ದು ಪುಣೆಯ ಮಾಸ್ತರರ ನಂಬರು. ನೆಟ್ ಬ್ಯಾಂಕಿಂಗ್ ಇದ್ದದ್ದು ಬೈಲಹೊಂಗಲದ ಮಾಸ್ತರರಿಗೆ. ಅವರ ನಂಬರು ಹಾಗೇ ಇತ್ತು.

ಊರಿನ ಶಾಖೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ಹೊಳೆಯಿತು, ಅಂದು ರಾಜ್ಯೋತ್ಸವ. ಪುಣೆಯಲ್ಲಿ ಬ್ಯಾಂಕು ತೆರೆದಿತ್ತು, ಕರ್ನಾಟಕದಲ್ಲಿ ರಜೆ!

ಇಷ್ಟು ಗಡಿಬಿಡಿ ಯಾಕೆ ಎಂದರೆ, ಮಾಸ್ತರರು ಪ್ರತಿ ತಿಂಗಳೂ ಐದನೆಯ ತಾರೀಖಿನೊಳಗೆ ಊರಿನಲ್ಲಿರುವ ಅಕ್ಕನ ಖಾತೆಗೆ 8,000 ರೂಪಾಯಿ ಹಾಕುತ್ತಾರೆ. ಅಕ್ಕನಿಗೆ ಮಕ್ಕಳಿಲ್ಲ, ಸಕ್ಕರೆ ಕಾಯಿಲೆ. ಈ ವಿಷಯ ಮಗನಿಗೆ ಗೊತ್ತಿಲ್ಲವೆಂದಲ್ಲ, ಆದರೆ ಮಾಸ್ತರರು ಅವನ ಹತ್ತಿರ ಕೇಳುವವರಲ್ಲ. ಉಳಿದದ್ದೆಲ್ಲ ಮಗನ ಮನೆಯದು, ಇದೊಂದು ತಮ್ಮದು. "ನಾನು ಕಳಸ್ತೀನ್ರಿ, ಆಮ್ಯಾಲೆ ಕೊಡೂವ್ರಂತೆ" ಎಂದೆ. ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಅಕ್ಕ ಪಾಸ್‌ಬುಕ್ ಓದಿಸಿಕೋತಾಳ. ಅಲ್ಲೆ ನನ್ನ ಹೆಸರ ಬರಬೇಕು."

ಹೊರಡುವಾಗ ಇನ್ನೊಂದು ಮಾತು ಬಾಯಿಬಿಟ್ಟರು. ಮೊಮ್ಮಗ ಅಂತರ್ಜಾಲದಲ್ಲಿ ಹುಡುಕಿ ಕಸ್ಟಮರ್ ಕೇರಿನದೊಂದು ನಂಬರು ಕೊಟ್ಟಿದ್ದನಂತೆ. ಅವರು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿ, ಫೋನಿನ ಪರದೆ ತಮಗೆ ಕಾಣುವಂಥ ಒಂದು ಆ್ಯಪನ್ನು ಹಾಕಿಕೊಳ್ಳಲು ಹೇಳಿದರಂತೆ. ಹೊಸ ಫೋನಿನಲ್ಲಿ ಅದನ್ನು ಹಾಕಲು ಬರದೆ ಮಾಸ್ತರರು ಉಳಿದುಕೊಂಡಿದ್ದರು! ಡೆಬಿಟ್ ಕಾರ್ಡಿನ ಹಿಂದೆ ಅಚ್ಚಾದ ನಂಬರು ಬಿಟ್ಟು ಬೇರೆ ಯಾವುದಕ್ಕೂ ಫೋನು ಮಾಡಬೇಡಿ ಎಂದು ಸ್ವಲ್ಪ ದನಿ ಏರಿಸಿಯೇ ಹೇಳಿದೆ.

ಸೋಮವಾರ ಇಬ್ಬರೂ ಶಾಖೆಗೆ ಹೋದೆವು. ಕೌಂಟರಿನಲ್ಲಿದ್ದ ಮರಾಠಿ ಹುಡುಗಿ ಚುರುಕಾಗಿದ್ದಳು. ಎರಡು ಪಾಸ್‌ಬುಕ್ ಪಕ್ಕಪಕ್ಕ ಇಟ್ಟ ಕೂಡಲೇ ಅವಳಿಗೆ ಅರ್ಥವಾಯಿತು. "ಕಾಕಾ, ಎರಡನೆಯ ಸಿಐಎಫ್‌ನಲ್ಲೂ 67 ಹಾಕಿಬಿಡುತ್ತೇನೆ" ಎಂದಳು. ನಾನು ತಡೆದೆ. ಒಂದೇ ಮೊಬೈಲು ಇಬ್ಬರು ಗ್ರಾಹಕರಿಗೆ ಅಂಟಿದರೆ ಆ್ಯಪು ಮತ್ತೆ ತಕರಾರು ತೆಗೆಯುತ್ತದೆ. ಎಸ್ಸೆಮ್ಮೆಸ್ ಬಂದ ಸಂಖ್ಯೆಗೆ ಎರಡು ಸಿಐಎಫ್ ಸಿಕ್ಕರೆ ಯಾರನ್ನು ಒಳಗೆ ಬಿಡಬೇಕೆಂದು ತಿಳಿಯದೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತದೆ. ಮೊದಲು ಎರಡನ್ನು ಒಂದು ಮಾಡಬೇಕು, ಆಮೇಲೆ ನಂಬರು. ಉಳಿಸಿಕೊಳ್ಳಬೇಕಾದದ್ದು ಪಿಂಚಣಿಯ ಸಿಐಎಫ್, ನೆಟ್ ಬ್ಯಾಂಕಿಂಗ್ ಅದಕ್ಕೇ ಇರುವುದರಿಂದ. ಪುಣೆಯ ಖಾತೆಯನ್ನು ಅದರ ಕೆಳಗೆ ತರಬೇಕು.

ಇಲ್ಲಿ ಸಹಿಯ ಪ್ರಶ್ನೆ ಬಂತು. ಪರದೆಯ ಮೇಲೆ ಕಂಡದ್ದು ಮಾಸ್ತರರ ಹರೆಯದ ಸಹಿ, ಕನ್ನಡದಲ್ಲಿ, ಕೊನೆಯಲ್ಲಿ ಒಂದು ಉದ್ದನೆಯ ಬಾಲ. ಅರ್ಜಿಯ ಮೇಲೆ ಇದ್ದದ್ದು ನಡುಗುವ ಕೈಯದು, ಬಾಲ ಎಲ್ಲೋ ಮುರಿದಿತ್ತು. ಹುಡುಗಿ ಅನುಮಾನದಿಂದ ನೋಡಿದಳು, ಅದು ಅವಳ ಕರ್ತವ್ಯವೇ. ಮಾಸ್ತರರು ಮೂರು ಸಲ ಪ್ರಯತ್ನಿಸಿದರು. ನಾಲ್ಕನೆಯದಕ್ಕೆ ಪೆನ್ನು ಕೆಳಗಿಟ್ಟು "ನಲವತ್ತು ವರ್ಷ ಹುಡುಗರಿಗೆ ಕಾಪಿ ತಿದ್ದೀನ್ರಿ" ಎಂದರು. ಅವಳಿಗೆ ಕನ್ನಡ ತಿಳಿಯಲಿಲ್ಲ. ಆದರೂ ಎದ್ದು ಹೋಗಿ ನೀರು ತಂದುಕೊಟ್ಟಳು.

ಇಂಥ ಸಂದರ್ಭಕ್ಕೆ ದಾರಿ ಇದೆ. ಆಧಾರ್, ಪ್ಯಾನ್, ಹೊಸ ಫೋಟೋ ಕೊಟ್ಟು, ಅಧಿಕಾರಿಯ ಎದುರಿಗೇ ಹೊಸ ಮಾದರಿ ಸಹಿ ಮಾಡಿ, ಖಾತೆ ಇರುವ ಶಾಖೆಯಿಂದ ಈ ಮನುಷ್ಯ ಇವರೇ ಎಂದು ಈಮೇಲಿನಲ್ಲಿ ಒಪ್ಪಿಗೆ ತರಿಸಬೇಕು. ನಾನು ಊರಿನ ಶಾಖೆಗೆ ಫೋನು ಹಚ್ಚಿದೆ. ಅಲ್ಲಿಯ ಅಧಿಕಾರಿ ಆಂಧ್ರದ ಹುಡುಗ, ಮಾಸ್ತರರನ್ನು ನೋಡಿಲ್ಲ. ಆದರೆ ಶಾಖೆಯ ಪ್ಯೂನ್ ಇವರ ಶಿಷ್ಯ! ಅಧಿಕೃತವಾಗಿ ಅದಕ್ಕೆ ಬೆಲೆಯಿಲ್ಲ, ಈಮೇಲ್ ಮಾತ್ರ ಮಂಗಳವಾರ ಬೆಳಿಗ್ಗೆಯೇ ಬಂತು.

ಬ್ಯಾಂಕಿನ ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಕೌಂಟರಿನವರು ಬದಲಾವಣೆ ತುಂಬಿಸಿದ ಮಾತ್ರಕ್ಕೆ ಅದು ಆಗುವುದಿಲ್ಲ. ಒಬ್ಬರು ತುಂಬಿಸಬೇಕು, ಇನ್ನೊಬ್ಬ ಅಧಿಕಾರಿ ನೋಡಿ ಒಪ್ಪಬೇಕು. ಸಂಜೆಯವರೆಗೆ ಒಪ್ಪದಿದ್ದರೆ ಅದು ತೂಗಾಡುತ್ತಲೇ ಇರುತ್ತದೆ. "ಹಾಕೀವಿ, ಹೋಗ್ರಿ" ಎಂದರೆ ಎದ್ದು ಬರಬಾರದು, "ಒಪ್ಪಿಗೆ ಆಯಿತೇ?" ಎಂದು ಕೇಳಬೇಕು. ಅರ್ಜಿಗೆ ಸ್ವೀಕೃತಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳಬೇಕು. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಮೂವತ್ತು ದಿನದ ಲೆಕ್ಕ ಶುರುವಾಗುವುದು ಬ್ಯಾಂಕಿಗೆ ಬರಹದಲ್ಲಿ ದೂರಿದ ದಿನದಿಂದ, ಬಾಯಿಮಾತಿನಿಂದಲ್ಲ. ಅಷ್ಟರಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರ ಬಳಿ ಹೋಗಬಹುದು. ನಮಗೆ ಅದು ಬೇಕಾಗಲಿಲ್ಲ.

ಬುಧವಾರ, ಐದನೆಯ ತಾರೀಖು, ಗುರುನಾನಕ್ ಜಯಂತಿಯ ರಜೆ. ಮುಂಜಾನೆ ಮಾಸ್ತರರು ಬಾಗಿಲಿಗೆ ಬಂದು ನಿಂತರು, ಕೈಯಲ್ಲಿ ಐನೂರರ ಹದಿನಾರು ನೋಟು. ಎಟಿಎಂನಿಂದ ತೆಗೆದು ತಂದಿದ್ದರು. ನೆಟ್ ಬ್ಯಾಂಕಿಂಗ್ ಮುಚ್ಚಿದರೂ ಕಾರ್ಡು, ಅದರ ಪಿನ್ನು ನಡೆಯುತ್ತಿರುತ್ತವೆ. ಕೆಲವು ಬ್ಯಾಂಕುಗಳು ಹತ್ತು ಸಾವಿರ ದಾಟಿದರೆ ಎಟಿಎಂನಲ್ಲೂ ಓಟಿಪಿ ಕೇಳುತ್ತವೆ, ಅದರ ಒಳಗಿದ್ದರೆ ಇಲ್ಲ. "ತಗೋರಿ ಸಾಹೇಬ್ರ, ನೀವ ಕಳಸ್ರಿ" ಎಂದರು. ಅವರ ಎದುರಿಗೇ ನನ್ನ ಖಾತೆಯಿಂದ ಅಕ್ಕನಿಗೆ ಕಳಿಸಿದೆ. ಷರಾದ ಜಾಗದಲ್ಲಿ ಅವರ ಹೆಸರು ಬರೆದೆ. ಅಕ್ಕನ ಪಾಸ್‌ಬುಕ್ಕಿನಲ್ಲಿ ಅದು ಅಚ್ಚಾಗುತ್ತದೋ ಇಲ್ಲವೋ ಎಂದು ಅವರು ಎರಡು ಸಲ ಕೇಳಿದರು.

ಗುರುವಾರ ಸಂಜೆ ಎರಡು ಸಿಐಎಫ್ ಒಂದಾದವು, ನಂಬರೂ ಬದಲಾಯಿತು. ಶುಕ್ರವಾರ ಪಾಸ್‌ವರ್ಡ್ ಪುಟ ತೆಗೆದರೆ ಕೊನೆಗೆ 67 ಎಂದು ಕಂಡಿತು. ಓಟಿಪಿ ಟಣ್ ಎಂದು ಬಂತು. ಕಾರ್ಡಿನ ಪಿನ್ ಕೊಟ್ಟು ಹೊಸ ಪಾಸ್‌ವರ್ಡ್ ಮಾಡಿದೆವು. ಹೊಸ ಫೋನಿನಲ್ಲಿ ಆ್ಯಪು ಎಸ್ಸೆಮ್ಮೆಸ್ ಕಳಿಸಿ ಗಂಟು ಹಾಕಿಕೊಂಡಿತು. ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಬಿಡಲಿಲ್ಲ, ಅದು ಇರಬೇಕಾದ ಕಟ್ಟೇ. ಅಕ್ಕನ ಹೆಸರು ಹಣ ಕಳಿಸುವವರ ಪಟ್ಟಿಯಲ್ಲಿ ಹಾಗೇ ಇತ್ತು. ಆ ಪಟ್ಟಿ ಇರುವುದು ಫೋನಿನಲ್ಲಲ್ಲ, ಬ್ಯಾಂಕಿನಲ್ಲಿ.

ಅದನ್ನು ನೋಡುತ್ತಿದ್ದಾಗ ನನಗೆ ಇನ್ನೊಂದು ಯೋಚನೆ ಬಂತು. "ಮಾಸ್ತರ, ಅಕ್ಕಾರ ಖಾತೆಗೆ ಯಾರ ನಂಬರ್ ಕೊಟ್ಟೀರಿ?"

ಮಾಸ್ತರರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಅಕೀ ಹತ್ರ ಫೋನ್ ಎಲ್ಲಿದ್ರಿ? ಬಾಜೂ ಮನಿ ಹುಡುಗಂದು ಕೊಟ್ಟಿದ್ವಿ. ಅವನ ಪಾಸ್‌ಬುಕ್ ಓದಿ ಹೇಳ್ತಿದ್ದ."

"ಈಗ ಅಲ್ಲೇ ಅದಾನ?"

"ಇಲ್ರಿ, ಬೆಂಗಳೂರಿಗೆ ಹೋಗಿ ಎರಡು ವರ್ಷ ಆತು" ಎಂದವರು ಕನ್ನಡಕ ತೆಗೆದು ಒರೆಸಿಕೊಂಡು, ಹೊಸ ಫೋನಿನಲ್ಲಿ ಆ ಹುಡುಗನ ನಂಬರು ಹುಡುಕತೊಡಗಿದರು.